ಪುಟಕ್ಕೆ ಎಷ್ಟು ಅನ್ನುವ ಮೊದಲು, ಪುಟ ಅಂದ್ರೆ ಎಷ್ಟು ಅಂತ ಕೇಳಿ

"ಕನ್ನಡ ಎಂ.ಎ. ಮಾಡಿದ್ದೇನೆ. ನಮ್ಮ ಊರಿನ ಸಣ್ಣ ಪ್ರಕಾಶಕರೊಬ್ಬರು ಒಂದು ಕಾದಂಬರಿಯ ಪ್ರೂಫ್ ನೋಡಿಕೊಡಿ, ಜೊತೆಗೆ ಸ್ವಲ್ಪ ಎಡಿಟಿಂಗೂ ಮಾಡಿ ಅಂದಿದ್ದಾರೆ. ಪುಟಕ್ಕೆ ಎಷ್ಟು ಅಂತ ಕೇಳ್ತಿದ್ದಾರೆ. ಎಷ್ಟು ಹೇಳಲಿ?"

ಫೋನಿನಲ್ಲಿ ಮಾತ್ರ ಏನೂ ಹೇಳಬೇಡಿ. "ಫೈಲು ಕಳಿಸಿ ಸರ್, ನೋಡಿ ನಾಡಿದ್ದು ಹೇಳ್ತೀನಿ" ಅನ್ನಿ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಬ್ಬರಿಗೆ ಫೋನಿನಲ್ಲೇ ಪುಟಕ್ಕೆ 20 ರೂಪಾಯಿ ಅಂದುಬಿಟ್ಟೆ. ಅವರು 90 ಪುಟ ಅಂದಿದ್ದರು. ಒಂದು ವಾರದ ಕೆಲಸ ಅಂದುಕೊಂಡೆ. ಬಂದ ಫೈಲು ತೆರೆದರೆ ಎ4 ಹಾಳೆ, ಒಂಬತ್ತು ಪಾಯಿಂಟಿನ ಅಕ್ಷರ, ಸುತ್ತ ಮಾರ್ಜಿನ್ನೇ ಇಲ್ಲ. ಒಂದೊಂದು ಪುಟದಲ್ಲಿ ಐನೂರಕ್ಕೂ ಜಾಸ್ತಿ ಪದ. ಅದು ಪುಸ್ತಕವಾಗಿ ಬಂದಾಗ ಇನ್ನೂರು ಪುಟ ದಾಟಿತ್ತು. ನನಗೆ ಸಿಕ್ಕಿದ್ದು 1,800 ರೂಪಾಯಿ, ಹೋದದ್ದು ಒಂದೂವರೆ ತಿಂಗಳ ಸಂಜೆಗಳು. ಅವರು ಮೋಸ ಮಾಡಲಿಲ್ಲ. ನಾನೇ ಪುಟ ಅಂದರೆ ಏನು ಅಂತ ಕೇಳಿರಲಿಲ್ಲ.

ಆಮೇಲೆ ನಾನು ಒಂದು ಅಳತೆ ಇಟ್ಟುಕೊಂಡೆ: 200 ಪದಕ್ಕೆ ಒಂದು ಪುಟ. ಈ 200 ಸುಮ್ನೆ ಬಂದದ್ದಲ್ಲ. ನಮ್ಮ ಕಾದಂಬರಿ, ಕಥಾ ಸಂಕಲನಗಳು ಹೆಚ್ಚಾಗಿ ಅಚ್ಚಾಗುವುದು 1/8 ಡೆಮಿ ಅಳತೆಯಲ್ಲಿ. ಹನ್ನೆರಡು ಪಾಯಿಂಟಿನಲ್ಲಿ ಕೂರಿಸಿದರೆ ಆ ಪುಟದಲ್ಲಿ ಸುಮಾರು ಅಷ್ಟೇ ಪದ ಹಿಡಿಸುತ್ತದೆ. ಹಾಗಾಗಿ ಪ್ರಕಾಶಕರ ಮನಸ್ಸಿನಲ್ಲಿರುವ ಪುಟಕ್ಕೂ ನನ್ನ ಪುಟಕ್ಕೂ ಜಗಳ ಬರುವುದಿಲ್ಲ. ಫೈಲಿನ ಒಟ್ಟು ಪದಗಳನ್ನು ಎಣಿಸಿ 200ರಿಂದ ಭಾಗಿಸಿದರೆ ಆಯಿತು. ಆ ಮೇಲೆ ಅವರು ಅಕ್ಷರ ದೊಡ್ಡದು ಮಾಡಲಿ, ಚಿಕ್ಕದು ಮಾಡಲಿ, ಅಧ್ಯಾಯಕ್ಕೊಂದು ಖಾಲಿ ಪುಟ ಬಿಡಲಿ, ಲೆಕ್ಕ ಬದಲಾಗುವುದಿಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿದ್ದರೂ ಪದದ ಎಣಿಕೆ ಹೆಚ್ಚುಕಮ್ಮಿ ಸರಿಯಾಗೇ ಬರುತ್ತದೆ, ಏಕೆಂದರೆ ಅದು ನೋಡುವುದು ಪದಗಳ ನಡುವಿನ ಜಾಗವನ್ನು. ಅಕ್ಷರದ ಎಣಿಕೆಯನ್ನು ಮಾತ್ರ ಅಲ್ಲಿ ನಂಬಬೇಡಿ. ಅಲ್ಲಿ ಒಂದು ಅಕ್ಷರ ಎರಡು ಮೂರು ತುಂಡುಗಳಾಗಿ ಕೂತಿರುತ್ತದೆ.

ಕವನ ಸಂಕಲನಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪುಟಕ್ಕೆ ಐವತ್ತು ಅರವತ್ತು ಪದ ಇರುತ್ತದೆ, ಆದರೆ ಸಾಲು ಎಲ್ಲಿ ಮುರಿಯಿತು ಅನ್ನುವುದನ್ನೂ ನೋಡಬೇಕು. ಅದಕ್ಕೆ ಅಚ್ಚಾದ ಪುಟವನ್ನೇ ಎಣಿಸುತ್ತೇನೆ. ಹಳಗನ್ನಡದ ಪದ್ಯಗಳನ್ನು ತುಂಬಿಕೊಂಡ ಸಂಶೋಧನಾ ಪುಸ್ತಕ ಬಂದರೆ ಪ್ರತಿ ಪದ್ಯವನ್ನೂ ಮೂಲ ಪುಸ್ತಕ ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕೆ ಎರಡರಷ್ಟು ಕೇಳಿ, ಇಲ್ಲವೇ ಬಿಟ್ಟುಬಿಡಿ.

ಇನ್ನು ನಿಮ್ಮ ಪ್ರಕಾಶಕರು ಹೇಳಿದ "ಸ್ವಲ್ಪ ಎಡಿಟಿಂಗ್". ಇದು ಅಪಾಯದ ಮಾತು. ಪ್ರೂಫ್ ನೋಡುವುದು ಒಂದು ಕೆಲಸ, ಎಡಿಟ್ ಮಾಡುವುದು ಬೇರೆ ಕೆಲಸ. ಎರಡಕ್ಕೂ ಹಿಡಿಯುವ ಹೊತ್ತು ಅಜಗಜಾಂತರ. ಮಾತಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಅದಕ್ಕೇ ನಾನು ಒಂದು ಪ್ಯಾರಾ ತಿದ್ದಿ ತೋರಿಸುತ್ತೇನೆ. ನಾನೇ ಕಟ್ಟಿದ ಮಾದರಿ ಇದು, ಆದರೆ ಬರುವ ಹಸ್ತಪ್ರತಿಗಳು ಹೀಗೇ ಇರುತ್ತವೆ:

"ರುಕ್ಮಿಣಿಯು ಅಡುಗೆ ಮನೆಯ ಒಳಗಡೆ ಹೋಗಿ ನೋಡಿದಾಗ ಅಲ್ಲಿ ಬೆಳೆ ಸೀದು ಹೋಗಿರುವುದನ್ನು ಕಂಡು ಅವಳಿಗೆ ಅಳು ಬಂದಂತಾಯಿತು. ಗಂಡನಿಗೆ ಈ ವಿಷಯವನ್ನು ಹೇಗೆ ಹೇಳುವುದು ಎಂಬುವುದರ ಬಗ್ಗೆ ಅವಳು ಚಿಂತಿತಳಾದಳು. 'ಏನ್ ಮಾಡ್ಲಿ ಶಿವನೆ ಇವ್ರು ಬರೋ ಹೊತ್ತಾತು' ಎಂದು ಅವಳು ಹೇಳಿದಳು."

ಬರೀ ಪ್ರೂಫ್ ನೋಡುವವನು ಇಲ್ಲಿ ಮಾಡುವುದು ಇಷ್ಟು: ಅಡುಗೆ ಮನೆಯನ್ನು ಸೇರಿಸಿ ಅಡುಗೆಮನೆ ಮಾಡುತ್ತಾನೆ. ಬೆಳೆಯನ್ನು ಬೇಳೆ ಮಾಡುತ್ತಾನೆ. ಎಂಬುವುದರ ಅನ್ನುವುದನ್ನು ಎಂಬುದರ ಅಂತ ತಿದ್ದುತ್ತಾನೆ. ಶಿವನೆ ಅನ್ನುವುದಕ್ಕೆ ದೀರ್ಘ ಕೊಟ್ಟು ಮುಂದೆ ಒಂದು ಅಲ್ಪವಿರಾಮ ಹಾಕುತ್ತಾನೆ. ಮುಗಿಯಿತು, ಅರ್ಧ ನಿಮಿಷದ ಕೆಲಸ. ಇಲ್ಲಿ ಗಮನಿಸಬೇಕಾದದ್ದು ಬೆಳೆ. ಅದು ತಪ್ಪು ಪದ ಅಲ್ಲ, ನಿಘಂಟಿನಲ್ಲಿದೆ. ಕಾಗುಣಿತ ನೋಡುವ ತಂತ್ರಾಂಶಕ್ಕೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಬಳಿ ಇದ್ದಲ್ಲಿ ಬಲಿ, ಮಣೆ ಇದ್ದಲ್ಲಿ ಮನೆ, ಇಂಥವನ್ನೆಲ್ಲ ಕಣ್ಣೇ ಹಿಡಿಯಬೇಕು. ಸಂಭಂದ, ಪರಿಸ್ತಿತಿ, ಶುಭಾಷಯ ಥರದವು ದೂರದಿಂದಲೇ ಕಾಣುತ್ತವೆ. ಅವು ಸಲೀಸು.

ಅದೇ ಪ್ಯಾರಾವನ್ನು ಎಡಿಟ್ ಮಾಡಿದರೆ ಹೀಗಾಗುತ್ತದೆ:

"ರುಕ್ಮಿಣಿ ಅಡುಗೆಮನೆಗೆ ಹೋಗಿ ನೋಡಿದರೆ ಬೇಳೆ ಸೀದಿತ್ತು. ಅಳು ಬಂದಂತಾಯಿತು. ಗಂಡನಿಗೆ ಹೇಗೆ ಹೇಳುವುದು? 'ಏನ್ ಮಾಡ್ಲಿ ಶಿವನೇ, ಇವ್ರು ಬರೋ ಹೊತ್ತಾತು' ಅಂದಳು."

ಸೀದ ಬೇಳೆ ಈಗ ಮೂಗಿಗೆ ಬಡಿಯುತ್ತದೆ, ಅಲ್ವಾ? ಆದರೆ ಇದಕ್ಕೆ ಎರಡು ಮೂರು ನಿಮಿಷ ಬೇಕು. ಬರೆದು, ಗಟ್ಟಿಯಾಗಿ ಓದಿ, ಲೇಖಕಿಯ ದನಿ ಹೋಗಿಲ್ಲ ತಾನೇ ಅಂತ ನೋಡಿಕೊಳ್ಳಬೇಕು. ಇಷ್ಟೇ ಅಲ್ಲ. ಎರಡನೇ ಅಧ್ಯಾಯದಲ್ಲಿ ತೀರಿಕೊಂಡ ಸೋದರತ್ತೆ ಒಂಬತ್ತನೇ ಅಧ್ಯಾಯದಲ್ಲಿ ಬಂದು ಕಾಫಿ ಕೊಟ್ಟದ್ದನ್ನು ನಾನು ಹಿಡಿದಿದ್ದೇನೆ. ಅಂಥದ್ದು ಸಿಗಬೇಕಾದರೆ ಪಕ್ಕದಲ್ಲೊಂದು ಪುಸ್ತಕ ಇಟ್ಟುಕೊಂಡು ಯಾರ ವಯಸ್ಸೆಷ್ಟು, ಯಾವ ಊರು, ಯಾವ ತಿಂಗಳು ಅಂತ ಬರೆದುಕೊಳ್ಳುತ್ತಾ ಹೋಗಬೇಕು. "ಸ್ವಲ್ಪ ಎಡಿಟಿಂಗ್" ಅಂದಾಗ ಪ್ರಕಾಶಕರು ಪ್ರೂಫಿನ ದುಡ್ಡಿನಲ್ಲಿ ಇದನ್ನೆಲ್ಲ ಕೇಳುತ್ತಿರುತ್ತಾರೆ. ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ.

ಆ ಪ್ಯಾರಾದಲ್ಲಿ "ಹೊತ್ತಾತು" ಅನ್ನುವುದನ್ನು ನಾನು ಮುಟ್ಟಲಿಲ್ಲ, ನೋಡಿ. ಮೊದಲೆಲ್ಲ ಮುಟ್ಟುತ್ತಿದ್ದೆ. ಎಂ.ಎ. ಮಾಡಿ ಬಂದವರಿಗೆ ಇದೊಂದು ಚಟ. ಧಾರವಾಡದ ಕಡೆಯ ಲೇಖಕರೊಬ್ಬರ ಕಥೆಗಳಲ್ಲಿ "ಬ್ಯಾಡ", "ಹಿಂಗ", "ಹೋಗೂಣ" ಅಂತ ಇದ್ದದ್ದನ್ನೆಲ್ಲ ಬೇಡ, ಹೀಗೆ, ಹೋಗೋಣ ಮಾಡಿ ಹೆಮ್ಮೆಯಿಂದ ಕಳಿಸಿದೆ. ಅವರು ಫೋನ್ ಮಾಡಿ ಒಂದೇ ಮಾತು ಹೇಳಿದರು: "ನಮ್ಮವ್ವನ ಬಾಯಾಗ ಬೆಂಗ್ಳೂರ ಕನ್ನಡ ತುರುಕೀರಲ್ರಿ." ಎಲ್ಲವನ್ನೂ ವಾಪಸ್ ಮಾಡಲು ನಾಲ್ಕು ದಿನ ಹಿಡಿಯಿತು, ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ. ಈಗ ಮೊದಲ ದಿನವೇ ಕೇಳಿಬಿಡುತ್ತೇನೆ. ಮಾತುಕತೆ ಯಾವ ಸೀಮೆಯದು? ನಿರೂಪಣೆಯೂ ಅದೇ ಭಾಷೆಯಲ್ಲಿದೆಯಾ? ಬಸ್ಸು ಬೇಕಾ ಬಸ್ ಬೇಕಾ? ಅಂಕಿ ಕನ್ನಡದ್ದಾ ಇಂಗ್ಲಿಷಿನದ್ದಾ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಲೇಖಕರಿಗೂ ಕಳಿಸುತ್ತೇನೆ. ಸೀಮೆಯ ಮಾತಿನಲ್ಲೂ ತಪ್ಪು ಹುಡುಕುವುದು ಉಂಟು, ಆದರೆ ಅದು ಬೇರೆ ಥರ: ಒಬ್ಬಳೇ ಅಜ್ಜಿ ಒಂದು ಸಲ "ಬ್ಯಾಡ", ಇನ್ನೊಂದು ಸಲ "ಬೇಡ" ಅಂದರೆ ಅಲ್ಲಿ ಗುರುತು ಹಾಕಿ ಕೇಳಬೇಕು.

ಈಗ ರೇಟಿಗೆ ಬರೋಣ. ನನ್ನ ರೀತಿ ಇಷ್ಟೇ: ಹತ್ತು ಪುಟ, ಅಂದರೆ 2,000 ಪದ, ಗಡಿಯಾರ ಇಟ್ಟುಕೊಂಡು ತಿದ್ದಿ ನೋಡುವುದು. ಮೊದಲ ಅಧ್ಯಾಯವನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದನ್ನು ಲೇಖಕರು ಇಪ್ಪತ್ತು ಸಲ ತಿದ್ದಿರುತ್ತಾರೆ, ಗೆಳೆಯರಿಗೆಲ್ಲ ಓದಿಸಿರುತ್ತಾರೆ. ಮಧ್ಯದಿಂದ ಐದು ಪುಟ, ಕೊನೆಯ ಕಡೆಯಿಂದ ಐದು ಪುಟ ತೆಗೆಯಿರಿ. ಅಲ್ಲಿ ನಿಜ ಗೊತ್ತಾಗುತ್ತದೆ.

ಈಚೆಗೆ ಮಾಡಿದ ಒಂದು ಕಾದಂಬರಿಯ ಲೆಕ್ಕ ಹೇಳುತ್ತೇನೆ. ಫೈಲಿನಲ್ಲಿ ಎ4 ಅಳತೆಯ 78 ಪುಟ ಇತ್ತು. ಪದ ಎಣಿಸಿದರೆ 38,400. ನನ್ನ ಅಳತೆಯಲ್ಲಿ 192 ಪುಟ. ಹತ್ತು ಪುಟದ ಪರೀಕ್ಷೆಗೆ 110 ನಿಮಿಷ ಹಿಡಿಯಿತು. ಅಂದರೆ ಎಡಿಟ್ ಮಾಡುತ್ತಾ ಓದುವುದಕ್ಕೆ ಪುಟಕ್ಕೆ 11 ನಿಮಿಷ. ತಿದ್ದಿದ್ದನ್ನು ಇನ್ನೊಮ್ಮೆ ಓದಲೇಬೇಕು, ಏಕೆಂದರೆ ತಿದ್ದುವಾಗ ನಾನೂ ತಪ್ಪು ಮಾಡುತ್ತೇನೆ. ಅದಕ್ಕೆ 4 ನಿಮಿಷ. ಇಲ್ಲಿಗೆ ಎಡಿಟಿಂಗ್ 15 ನಿಮಿಷ. ಆಮೇಲೆ ಡಿಟಿಪಿಯಿಂದ ಪುಟ ಕಟ್ಟಿ ಬಂದಾಗ ಮೊದಲ ಪ್ರೂಫಿಗೆ 3 ನಿಮಿಷ, ತಿದ್ದುಪಡಿ ಹಾಕಿದ್ದಾರಾ ಅಂತ ನೋಡುವ ಎರಡನೇ ಪ್ರೂಫಿಗೆ ಒಂದೂವರೆ ನಿಮಿಷ. ಒಟ್ಟು ಹತ್ತೊಂಬತ್ತೂವರೆ ನಿಮಿಷ.

ನಾನು ಗಂಟೆಗೆ 200 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ. ನೀವು ನಿಮ್ಮದನ್ನು ಇಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆ ಅಂತ ಮಾತ್ರ ಗುಣಿಸಬೇಡಿ. ಗಮನವಿಟ್ಟು ಓದುವ ಕೆಲಸ ನಾಲ್ಕೈದು ಗಂಟೆಯ ಮೇಲೆ ಸಾಗುವುದಿಲ್ಲ. ಆಮೇಲೆ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ, ಧ ಇದ್ದಲ್ಲಿ ದ ಇದ್ದರೂ ಗೊತ್ತಾಗುವುದಿಲ್ಲ. ಗಂಟೆಗೆ 200 ಅಂದರೆ ಎಡಿಟಿಂಗಿಗೆ ಪುಟಕ್ಕೆ 50, ಎರಡು ಪ್ರೂಫಿಗೆ ಸೇರಿ 15. ಒಟ್ಟು 65. ಪೂರ್ತಿ ಪುಸ್ತಕಕ್ಕೆ 12,480 ರೂಪಾಯಿ.

ಪ್ರಕಾಶಕರು ಪುಟಕ್ಕೆ 15 ರೂಪಾಯಿ ಕೊಡ್ತೀನಿ ಅಂದಿದ್ದರು. ನನ್ನ ಲೆಕ್ಕ ಕೇಳಿ ನಕ್ಕರು. ಅವರ ಕಡೆಯಿಂದ ನೋಡಿದರೆ ಅದೂ ತಪ್ಪಲ್ಲ. ಅವರು ಅಚ್ಚು ಹಾಕುವುದು 500 ಪ್ರತಿ. 12,480 ರೂಪಾಯಿಯನ್ನು 500ಕ್ಕೆ ಹಂಚಿದರೆ ಒಂದು ಪ್ರತಿಯ ಮೇಲೆ 25 ರೂಪಾಯಿ ಬೀಳುತ್ತದೆ. ಕಾಗದ, ಅಚ್ಚು, ಬೈಂಡಿಂಗು, ಅಂಗಡಿಯವರ ಕಮಿಷನ್ನು ಎಲ್ಲ ಹೋದ ಮೇಲೆ ಅವರ ಕೈಯಲ್ಲಿ ಅಷ್ಟು ಉಳಿಯುವುದೇ ಕಷ್ಟ. ಹಾಗಂತ ನಾನು ಹತ್ತೊಂಬತ್ತೂವರೆ ನಿಮಿಷದ ಕೆಲಸವನ್ನು 15 ರೂಪಾಯಿಗೆ ಮಾಡಲಾರೆ. ಚೌಕಾಸಿ ಬಂದಾಗ ರೇಟು ಇಳಿಸಬೇಡಿ, ಕೆಲಸ ಇಳಿಸಿ. 15 ರೂಪಾಯಿಗೆ ಎರಡು ಪ್ರೂಫ್ ಮಾತ್ರ ನೋಡಿಕೊಡ್ತೀನಿ, ಕಥೆಗೆ ಕೈ ಹಾಕಲ್ಲ ಅಂದೆ. ಎಡಿಟಿಂಗ್ ಬೇಕಾದರೆ ಲೇಖಕರ ಹತ್ತಿರ ಮಾತಾಡ್ತೀನಿ ಅಂದೆ. ಸಣ್ಣ ಪ್ರಕಾಶನದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪುಸ್ತಕ ಚೆನ್ನಾಗಿ ಬರಲಿ ಅನ್ನುವ ಆಸೆ ಪ್ರಕಾಶಕರಿಗಿಂತ ಲೇಖಕರಿಗೆ ಜಾಸ್ತಿ.

ಲೇಖಕರು ನಿವೃತ್ತ ಮೇಷ್ಟ್ರು. ಪುಟಕ್ಕೆ 50 ಜಾಸ್ತಿಯಾಯಿತು ಅಂದರು. ಅವರಿಗೂ ಅದೇ ಮಾತು ಹೇಳಿದೆ: ನಿಮ್ಮ ಕೈಲಾಗುವ ಕೆಲಸ ನೀವು ಮಾಡಿಕೊಡಿ. ಪರೀಕ್ಷೆಯ ಹತ್ತು ಪುಟದಲ್ಲಿ ಮತ್ತೆ ಮತ್ತೆ ಬಂದ ತಪ್ಪುಗಳ ಪಟ್ಟಿ ಕೊಟ್ಟೆ. ಎಂಬುವುದು, ಹಾಗು, ಅಡುಗೆ ಮನೆ, ಮಾಡ ಬೇಕು, ಬೇಳೆ ಇರಬೇಕಾದಲ್ಲಿ ಬೆಳೆ, ಇಂಥ ಮೂವತ್ತು ಪದ. ಒಂದೊಂದನ್ನೇ ಹುಡುಕಿ, ನೋಡಿ, ತಿದ್ದಿ ಅಂದೆ. ಮೇಷ್ಟ್ರಿಗೆ ಮೊಮ್ಮಗ "ಎಲ್ಲ ಒಟ್ಟಿಗೆ ಬದಲಿಸುವ" ಗುಂಡಿ ತೋರಿಸಿಕೊಟ್ಟ. ಬೆಳೆ ಇದ್ದಲ್ಲೆಲ್ಲ ಬೇಳೆ ಆಯಿತು. "ಬೆಳೆದು ನಿಂತ ಮಗಳು" ಹೋಗಿ "ಬೇಳೆದು ನಿಂತ ಮಗಳು" ಬಂದಳು. ರಾಗಿ ಬೆಳೆಯೂ ರಾಗಿ ಬೇಳೆಯಾಯಿತು. ಹಳೆಯ ಪ್ರತಿ ನನ್ನ ಹತ್ತಿರ ಇದ್ದದ್ದರಿಂದ ಬಚಾವಾದೆವು. ಎರಡನೇ ಸಲ ಸರಿಯಾಗಿ ಮಾಡಿಕೊಟ್ಟರು. ನನ್ನ ಓದು ಪುಟಕ್ಕೆ ಒಂದೂವರೆ ನಿಮಿಷ ಕಮ್ಮಿಯಾಯಿತು, ಹಾಗಾಗಿ ಅವರಿಗೆ 45 ರೂಪಾಯಿ. ಕೊನೆಗೆ ಲೇಖಕರಿಂದ 8,640, ಪ್ರಕಾಶಕರಿಂದ 2,880. ಒಟ್ಟು 11,520 ರೂಪಾಯಿ. 58 ಗಂಟೆ ಅಂದುಕೊಂಡಿದ್ದೆ, 61 ಆಯಿತು. ಪರವಾಗಿಲ್ಲ. ಇಬ್ಬರದೂ ಸೇರಿ ಪುಟಕ್ಕೆ 60 ಆಯಿತು. ಎ4 ಪುಟದ ಲೆಕ್ಕದಲ್ಲಿ ಇದೇ 60 ರೂಪಾಯಿ ಅಂದಿದ್ದರೆ 4,680 ರೂಪಾಯಿಗೆ ಇಷ್ಟೂ ಗಂಟೆ ಕೂರಬೇಕಿತ್ತು.

ಫೈಲು ತೆಗೆದುಕೊಳ್ಳುವಾಗಲೇ ಅದು ಯೂನಿಕೋಡಾ, ನುಡಿಯ ಹಳೆಯ ಫಾಂಟಾ ಅಂತ ನೋಡಿ. ಹಳೆಯದಾದರೆ ಯಾರು ಪರಿವರ್ತನೆ ಮಾಡ್ತಾರೆ ಅಂತ ಕೇಳಿ. ಪರಿವರ್ತನೆ ಆದ ಮೇಲೆ ಬರುವ ತಪ್ಪುಗಳೇ ಬೇರೆ. ಮುಖ್ಯವಾಗಿ ಬಿಡಿಯಾಗಿ ನಿಲ್ಲಬೇಕಾದ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗಿ ಅಂಟಿಕೊಳ್ಳುತ್ತದೆ. ಬಸ್‌ನಲ್ಲಿ ಅನ್ನುವುದು ಬಸ್ನಲ್ಲಿ ಆಗುತ್ತದೆ, ಸಾಫ್ಟ್‌ವೇರ್ ಅನ್ನುವುದು ಸಾಫ್ಟ್ವೇರ್ ಆಗುತ್ತದೆ. ಇಂಗ್ಲಿಷ್ ಪದ ಜಾಸ್ತಿ ಇರುವ ಕಾದಂಬರಿಯಲ್ಲಿ ಇದು ಪುಟಕ್ಕೆ ಹತ್ತು ಸಿಗಬಹುದು. ಇನ್ನೊಂದು ಕಳ್ಳ ಇದ್ದಾನೆ: ಅನುಸ್ವಾರದ ಬದಲು ಸೊನ್ನೆ. ಬಂದ ಅಂತ ಬರೆಯುವಲ್ಲಿ ಬ೦ದ ಅಂತ ಕನ್ನಡದ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಕೆಲವು ಫಾಂಟುಗಳಲ್ಲಿ ಸಾಲು ವಿಚಿತ್ರವಾಗಿ ಒಡೆಯುತ್ತದೆ. ಫೈಲು ಬಂದ ಕೂಡಲೇ ೦ ಅನ್ನುವುದನ್ನು ಹುಡುಕಿ ನೋಡಿ. ಅಂಕಿ ಇಲ್ಲದ ಕಡೆ ಸಿಕ್ಕರೆ ಅವೆಲ್ಲ ಇದೇ ಕಳ್ಳ.

ತಿದ್ದುವಾಗ Track Changes ಹಾಕಿಕೊಂಡೇ ತಿದ್ದಿ. ಏನು ಬದಲಾಯಿತು ಅಂತ ಲೇಖಕರಿಗೆ ಕಾಣಬೇಕು. ಡಿಟಿಪಿ ಆದ ಮೇಲಿನ ಪ್ರೂಫನ್ನು ಮಾತ್ರ ನಾನು ಈಗಲೂ ಪ್ರಿಂಟ್ ತೆಗೆಸಿ ಕೆಂಪು ಪೆನ್ನಿನಲ್ಲೇ ನೋಡುತ್ತೇನೆ. ಪರದೆಯ ಮೇಲೆ ಬ, ಭ ನಡುವಿನ, ಪ, ಫ ನಡುವಿನ ಆ ಸಣ್ಣ ಗೀಟು ತಪ್ಪಿಸಿಕೊಳ್ಳುತ್ತದೆ. ಎರಡನೇ ಪ್ರೂಫಿನಲ್ಲಿ ತಿದ್ದಿದ ಪದವನ್ನಷ್ಟೇ ನೋಡಬೇಡಿ, ಅದರ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಓದಿ. ಡಿಟಿಪಿ ಮಾಡುವವರು ಒಂದು ತಪ್ಪು ಸರಿ ಮಾಡಲು ಹೋಗಿ ಪಕ್ಕದ ಪದ ಅಳಿಸಿರುವುದು ದಿನಾ ನಡೆಯುವ ಕಥೆ.

ದುಡ್ಡಿನ ಮಾತು ಒಂದೇ. ಅರ್ಧ ಮೊದಲು, ಉಳಿದರ್ಧ ಕೊನೆಯ ಪ್ರೂಫ್ ಕೊಡುವ ದಿನ. "ಬಿಡುಗಡೆ ಆದ ಮೇಲೆ", "ಲೈಬ್ರರಿ ದುಡ್ಡು ಬಂದ ಮೇಲೆ" ಅನ್ನುವುದಕ್ಕೆ ಒಪ್ಪಬೇಡಿ. ಗ್ರಂಥಾಲಯ ಇಲಾಖೆಯವರು ಪುಸ್ತಕ ಆಯ್ಕೆ ಮಾಡಿ ಹಣ ಕೊಡುವ ಹೊತ್ತಿಗೆ ನೀವು ಆ ಕಾದಂಬರಿಯ ಹೆಸರೂ ಮರೆತಿರುತ್ತೀರಿ. ನನಗೆ ಒಬ್ಬರು ಹೀಗೆ ಹೇಳಿ ಮೂರು ವರ್ಷವಾಯಿತು. ಸಿಕ್ಕಾಗೆಲ್ಲ ಕಾಫಿ ಕೊಡಿಸುತ್ತಾರೆ.

ಇನ್ನೊಂದು ವಿಷಯ ಮರೆಯಬೇಡಿ. ಫೈಲಿನಲ್ಲಿ ಇರುವುದು ಕಾದಂಬರಿ ಮಾತ್ರ. ಮುಖಪುಟ, ಬೆನ್ನುಡಿ, ಪ್ರಕಾಶಕರ ವಿವರದ ಪುಟ, ಮುನ್ನುಡಿ ಇವೆಲ್ಲ ಕೊನೆಯ ಗಳಿಗೆಯಲ್ಲಿ ಬರುತ್ತವೆ. ಮುನ್ನುಡಿಯಂತೂ ದೊಡ್ಡವರೊಬ್ಬರು ಕೈಯಲ್ಲಿ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಿರುತ್ತಾರೆ, ಅದನ್ನು ತಿದ್ದುವ ಧೈರ್ಯ ಯಾರಿಗೂ ಇರುವುದಿಲ್ಲ. ಇವನ್ನೂ ನಾನೇ ನೋಡಬೇಕು, ಅದಕ್ಕೆ ಎಂಟು ಪುಟದ ದುಡ್ಡು ಸೇರಿಸಿ ಅಂತ ಮೊದಲೇ ಹೇಳಿಬಿಡಿ. ನಾನು ಒಂದು ಪುಸ್ತಕಕ್ಕೆ ಹಾಗೆ ಹೇಳಲಿಲ್ಲ. ಒಳಗೆ ಒಂದು ಕಾಗುಣಿತವೂ ತಪ್ಪಿರಲಿಲ್ಲ. ಬಿಡುಗಡೆಯ ದಿನ ಪ್ರತಿ ಕೈಗೆ ಬಂತು, ಮೊದಲ ಹಾಳೆ ತಿರುಗಿಸಿದೆ. "ಕರಡು ತಿದ್ದಿದವರು" ಅಂತ ಇತ್ತು, ಮುಂದೆ ನನ್ನ ಹೆಸರು, ಅದರಲ್ಲಿ ಒಂದು ಒತ್ತಕ್ಷರ ಇರಲಿಲ್ಲ.